ಇಪ್ಪತ್ತೊಂಬತ್ತರಲ್ಲಿ ಶನಿ ಮರಳಿದಾಗ

1996ರ ಮಾರ್ಚ್ 22ರ ಸಂಜೆ ಒಂದು ಮನೆಯಲ್ಲಿ ಹೆಣ್ಣು ಮಗು, ಎರಡು ದಿನ ಕಳೆದು 24ರ ಸಂಜೆ ಪಕ್ಕದ ಬೀದಿಯ ಮನೆಯಲ್ಲಿ ಗಂಡು ಮಗು ಹುಟ್ಟಿತು ಎಂದಿಟ್ಟುಕೊಳ್ಳೋಣ. ಇಬ್ಬರ ಜಾತಕದಲ್ಲೂ ಶನಿ ಮೀನ ರಾಶಿಯಲ್ಲಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿದ್ದಾನೆ. ಚಂದ್ರ ಮಾತ್ರ ಆ ಎರಡು ದಿನಗಳಲ್ಲಿ ಮೇಷದಿಂದ ವೃಷಭಕ್ಕೆ ದಾಟಿದ್ದಾನೆ. ಹುಡುಗಿಯದು ಮೇಷ ರಾಶಿ, ಹುಡುಗನದು ವೃಷಭ ರಾಶಿ.

2025ರ ಮಾರ್ಚ್ 29ರಂದು ಶನಿ ಮತ್ತೆ ಮೀನಕ್ಕೆ ಬಂದ. ಹುಡುಗಿಯ ಮನೆಯವರು ಜಾತಕ ತೋರಿಸಿದರೆ ಜ್ಯೋತಿಷಿ ಹೇಳುವುದು: ಜನ್ಮರಾಶಿಗೆ ಹನ್ನೆರಡನೆಯ ಮನೆಗೆ ಶನಿ ಬಂದಿದ್ದಾನೆ, ಸಾಡೇಸಾತಿ ಶುರುವಾಯಿತು, ಖರ್ಚು ಹೆಚ್ಚು, ಜಾಗ್ರತೆ. ಹುಡುಗನ ಮನೆಯವರು ಹೋದರೆ ಅದೇ ಜ್ಯೋತಿಷಿ, ಅದೇ ಪಂಚಾಂಗ ನೋಡಿ, ಶನಿ ಹನ್ನೊಂದರಲ್ಲಿ ಇದ್ದಾನೆ, ಲಾಭ ಸ್ಥಾನ, ಒಳ್ಳೆಯ ಕಾಲ ಎನ್ನುತ್ತಾರೆ. ಪಾಶ್ಚಾತ್ಯ ಪದ್ಧತಿಯ ಜ್ಯೋತಿಷಿಯ ಬಳಿ ಇಬ್ಬರೂ ಹೋದರೆ ಸಿಗುವ ಉತ್ತರ ಒಂದೇ: ನಿಮಗೆ ಸ್ಯಾಟರ್ನ್ ರಿಟರ್ನ್ ನಡೆಯುತ್ತಿದೆ, ಬದುಕಿನ ಲೆಕ್ಕ ನೋಡುವ ಹೊತ್ತು ಬಂದಿದೆ.

ಇನ್‌ಸ್ಟಾಗ್ರಾಮಿನಲ್ಲಿ, ಕಚೇರಿಯ ಊಟದ ಹೊತ್ತಿನ ಮಾತಿನಲ್ಲಿ ಈ ಸ್ಯಾಟರ್ನ್ ರಿಟರ್ನ್ ಈಗ ಧಾರಾಳವಾಗಿ ಕೇಳಿಬರುತ್ತಿದೆ. ನಮ್ಮಲ್ಲಿ ಬಹಳ ಮಂದಿ ಇದನ್ನು ಸಾಡೇಸಾತಿಯ ಇಂಗ್ಲಿಷ್ ಹೆಸರು ಎಂದುಕೊಂಡು ಬೇಡದ ಹೆದರಿಕೆಯನ್ನೂ ಅದರ ಜೊತೆಗೆ ಕಟ್ಟಿಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ಲೆಕ್ಕಗಳು. ಮೇಲಿನ ಹುಡುಗ, ಹುಡುಗಿಯನ್ನೇ ಹಿಡಿದುಕೊಂಡು ಇದನ್ನು ಬಿಡಿಸಿ ನೋಡೋಣ.

ಆಕಾಶದಲ್ಲಿ ನಡೆಯುವುದೇನು

ಶನಿ ಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಕರಾರುವಾಕ್ಕಾಗಿ ಹೇಳಬೇಕೆಂದರೆ 29.46 ವರ್ಷ. ನೀವು ಹುಟ್ಟಿದಾಗ ಶನಿ ಆಕಾಶದ ಯಾವ ಬಿಂದುವಿನಲ್ಲಿ ಕಾಣುತ್ತಿದ್ದನೋ ಅದೇ ಬಿಂದುವಿಗೆ ಅವನು ತಿರುಗಿ ಬರುವುದೇ ಶನಿಯ ಪುನರಾಗಮನ, ಅಂದರೆ ಸ್ಯಾಟರ್ನ್ ರಿಟರ್ನ್. ಇಷ್ಟು ಭಾಗ ಶುದ್ಧ ಖಗೋಳ ಗಣಿತ. ಜ್ಯೋತಿಷ್ಯವನ್ನು ನಂಬುವವರಿಗೂ ನಂಬದವರಿಗೂ ಇದು ಸಮಾನವಾಗಿ ನಿಜ. ಬದುಕು ದೀರ್ಘವಾಗಿದ್ದರೆ ಇದು ಮೂರು ಬಾರಿ ಬರುತ್ತದೆ: ಇಪ್ಪತ್ತೊಂಬತ್ತರ ಆಸುಪಾಸು, ಐವತ್ತೆಂಟು ಐವತ್ತೊಂಬತ್ತರಲ್ಲಿ, ಮತ್ತೆ ಎಂಬತ್ತೆಂಟರ ಹತ್ತಿರ.

ಸಾಡೇಸಾತಿಗೆ ಲೆಕ್ಕ ಶುರುವಾಗುವುದು ಚಂದ್ರನಿಂದ. ಜನ್ಮರಾಶಿಯ ಹಿಂದಿನ ರಾಶಿ, ಜನ್ಮರಾಶಿ, ಮುಂದಿನ ರಾಶಿ, ಈ ಮೂರನ್ನು ಶನಿ ದಾಟಲು ಹಿಡಿಯುವ ಏಳೂವರೆ ವರ್ಷವೇ ಸಾಡೇಸಾತಿ. ಚಂದ್ರ ಎರಡೂಕಾಲು ದಿನಕ್ಕೊಮ್ಮೆ ರಾಶಿ ಬದಲಿಸುವುದರಿಂದ ಒಂದೇ ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೂ ಸಾಡೇಸಾತಿ ಬೇರೆ ಬೇರೆ ವಯಸ್ಸಿನಲ್ಲಿ ಬರುತ್ತದೆ. ಒಬ್ಬನಿಗೆ ಐದನೆಯ ವರ್ಷಕ್ಕೆ, ಇನ್ನೊಬ್ಬನಿಗೆ ಇಪ್ಪತ್ತಕ್ಕೆ. ಶನಿಯ ಪುನರಾಗಮನಕ್ಕೆ ಚಂದ್ರ ಬೇಕಿಲ್ಲ. ಶನಿಯಿಂದ ಶನಿಗೇ ಲೆಕ್ಕ. ಹಾಗಾಗಿ ಒಂದು ಶಾಲೆಯ ಒಂದು ತರಗತಿಯಲ್ಲಿ ಕೂತ ಮಕ್ಕಳೆಲ್ಲರಿಗೂ ಅದು ಒಂದೆರಡು ವರ್ಷಗಳ ಅಂತರದಲ್ಲೇ ಬಂದು ಹೋಗುತ್ತದೆ. ಈ ಒಂದು ವ್ಯತ್ಯಾಸವನ್ನು ನೆನಪಿಡಿ. ಮುಂದೆ ಇದರ ಮೇಲೇ ಬಹಳಷ್ಟು ನಿಂತಿದೆ.

ಹಾಗೆಂದು ಜನ್ಮಶನಿಯಿಂದ ಎಣಿಸುವ ರೂಢಿ ನಮ್ಮ ಶಾಸ್ತ್ರದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಗ್ರಹಗಳ ಬಲವನ್ನು ಬಿಂದುಗಳಲ್ಲಿ ಎಣಿಸುವ ಅಷ್ಟಕವರ್ಗದಲ್ಲಿ ಶನಿ ಜಾತಕದಲ್ಲಿ ತಾನಿರುವ ಜಾಗದಿಂದ ಮೂರು, ಐದು, ಆರು ಮತ್ತು ಹನ್ನೊಂದನೆಯ ಮನೆಗಳಿಗೆ ಮಾತ್ರ ಶುಭ ಬಿಂದು ಕೊಡುತ್ತಾನೆ. ತಾನಿದ್ದ ಮನೆಗೆ ಕೊಡುವುದಿಲ್ಲ. ಅಂದರೆ ಶನಿ ತನ್ನ ಮೇಲೆ ತಾನೇ ಬಂದಾಗ ಸುಲಭದ ಕಾಲವಲ್ಲ ಎಂಬ ಎಣಿಕೆ ಇಲ್ಲೂ ಇದೆ. ಆದರೆ ಇಪ್ಪತ್ತೊಂಬತ್ತನೆಯ ವಯಸ್ಸನ್ನು ಬದುಕಿನ ದೊಡ್ಡ ತಿರುವೆಂದು ಎತ್ತಿ ಹೇಳುವ ವಾಡಿಕೆ ಬೆಳೆದದ್ದು ಪಶ್ಚಿಮದಲ್ಲಿ. ಅಲ್ಲಿ ಮನಃಶಾಸ್ತ್ರವನ್ನೂ ಜ್ಯೋತಿಷ್ಯವನ್ನೂ ಹೆಣೆದವರು ಕಳೆದ ಶತಮಾನದ ಎರಡನೆಯ ಅರ್ಧದಲ್ಲಿ ಅದಕ್ಕೆ ಇಂದಿನ ರೂಪ ಕೊಟ್ಟರು.

ಒಂದೇ ಬಿಂದುವಿಗೆ ಮೂರು ಸಲ

ಈಗ ಹುಡುಗಿಯ ಜಾತಕದ ಲೆಕ್ಕ ಹಾಕೋಣ. 1996ರ ಮಾರ್ಚ್ 22ರಂದು ಶನಿ, ನಕ್ಷತ್ರಗಳನ್ನು ಆಧರಿಸಿ ಎಣಿಸುವ ನಮ್ಮ ನಿರಯನ ಪದ್ಧತಿಯಂತೆ, ಮೀನದಲ್ಲಿ ಸುಮಾರು ನಾಲ್ಕು ಅಂಶದಲ್ಲಿ, ಅಂದರೆ ನಾಲ್ಕು ಡಿಗ್ರಿಯಲ್ಲಿದ್ದ. ಇಪ್ಪತ್ತೊಂಬತ್ತೂವರೆ ವರ್ಷ ಕೂಡಿಸಿದರೆ 2025ರ ಸೆಪ್ಟೆಂಬರ್ ಬರುತ್ತದೆ. ಆದರೆ ಶನಿ ಆ ಬಿಂದುವನ್ನು ಮೊದಲು ಮುಟ್ಟಿದ್ದು 2025ರ ಮೇ ಮೊದಲ ವಾರದಲ್ಲಿ. ಅಲ್ಲಿಂದ ಮುಂದೆ ಹೋಗಿ, ಜುಲೈ ಮಧ್ಯದಲ್ಲಿ ವಕ್ರಗತಿಗೆ ತಿರುಗಿ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹಿಂದಕ್ಕೆ ಬರುತ್ತಾ ಎರಡನೆಯ ಬಾರಿ ಅದೇ ಬಿಂದುವನ್ನು ದಾಟಿದ. ನವೆಂಬರ್ ಕೊನೆಗೆ ಮತ್ತೆ ನೇರ ನಡಿಗೆ. 2026ರ ಜನವರಿ ಕೊನೆಗೆ ಮೂರನೆಯ ಸಲ ಅಲ್ಲಿಗೆ ಬಂದು, ಆಮೇಲೆ ಮುಂದಕ್ಕೆ ಹೋದ.

ಶನಿ ನಿಜವಾಗಿ ಹಿಂದಕ್ಕೆ ನಡೆಯುವುದಿಲ್ಲ. ನಮ್ಮ ಬಸ್ ವೇಗವಾಗಿ ಹೋಗಿ ನಿಧಾನವಾಗಿ ಸಾಗುವ ಲಾರಿಯನ್ನು ದಾಟುವಾಗ ಲಾರಿ ಹಿಂದೆ ಸರಿದಂತೆ ಕಾಣುತ್ತದಲ್ಲ, ಅದೇ ನೋಟ. ಭೂಮಿ ವರ್ಷಕ್ಕೊಮ್ಮೆ ಶನಿಯನ್ನು ಹಿಂದೆ ಹಾಕುತ್ತದೆ, ಆಗ ನಾಲ್ಕೂವರೆ ತಿಂಗಳು ಶನಿ ಸುಮಾರು ಏಳು ಅಂಶ ಹಿಂದೆ ಬಂದಂತೆ ತೋರುತ್ತದೆ. ನಿಮ್ಮ ಜನ್ಮಶನಿ ಆ ಏಳು ಅಂಶದ ಪಟ್ಟಿಯೊಳಗೆ ಬಿದ್ದರೆ ಮೂರು ಸ್ಪರ್ಶ, ಹೊರಗೆ ಬಿದ್ದರೆ ಒಂದೇ ಸ್ಪರ್ಶ. ಒಬ್ಬರಿಗೆ ಒಂದೇ ವಾರದಲ್ಲಿ ಮುಗಿಯಿತು, ಇನ್ನೊಬ್ಬರಿಗೆ ಒಂಬತ್ತು ತಿಂಗಳು ಎಳೆಯಿತು ಎಂದು ಜ್ಯೋತಿಷಿಗಳು ಹೇಳುವುದರ ಹಿಂದೆ ಇರುವುದು ಇಷ್ಟೇ.

ಪಾಶ್ಚಾತ್ಯರು ಬಳಸುವ, ವಿಷುವ ಬಿಂದುವಿನಿಂದ ಎಣಿಸುವ ಸಾಯನ ಪದ್ಧತಿಯಲ್ಲಿ ಇದೇ ಶನಿ ಮೀನದ ಇಪ್ಪತ್ತೆಂಟನೆಯ ಅಂಶದಲ್ಲಿರುತ್ತಾನೆ. ಎರಡು ಪದ್ಧತಿಗಳ ನಡುವೆ ಇಪ್ಪತ್ನಾಲ್ಕು ಅಂಶದಷ್ಟು ಅಂತರವಿದೆ, ಅದನ್ನೇ ಅಯನಾಂಶ ಎನ್ನುವುದು. ಹಾಗಾದರೆ ಪುನರಾಗಮನದ ದಿನಾಂಕವೂ ಬೇರೆಯಾಗಬೇಕಲ್ಲವೇ ಎಂದು ಓದುಗರು ಕೇಳಬಹುದು. ಬಹುತೇಕ ಆಗುವುದಿಲ್ಲ. ಆರಂಭವನ್ನು ಎಲ್ಲಿಂದ ಎಣಿಸಿದರೂ ಹೊರಟ ಜಾಗಕ್ಕೇ ಮರಳುವುದು ತಾನೇ ಲೆಕ್ಕ. ಇಪ್ಪತ್ತೊಂಬತ್ತು ವರ್ಷದಲ್ಲಿ ಅಯನಾಂಶ ಅರ್ಧ ಅಂಶಕ್ಕಿಂತ ಕಡಿಮೆ ಬದಲಾಗುತ್ತದೆ. ಈ ಹುಡುಗಿಯ ವಿಷಯದಲ್ಲಿ ಅದರಿಂದ ಬರುವ ವ್ಯತ್ಯಾಸ ಒಂದು ವಾರದೊಳಗೆ.

ದೊಡ್ಡ ವ್ಯತ್ಯಾಸ ಬರುವುದು ಬೇರೆಡೆ. ಶನಿ ಯಾವ ದಿನ ರಾಶಿ ಬದಲಿಸಿದ ಎಂಬುದರ ಬಗ್ಗೆ ನಮ್ಮ ಪಂಚಾಂಗಗಳಲ್ಲೇ ಒಮ್ಮತವಿಲ್ಲ. ಗ್ರಹ ಆಕಾಶದಲ್ಲಿ ಕಾಣುವ ಜಾಗಕ್ಕೆ ಹೊಂದಿಸಿ ಎಣಿಸುವ ದೃಕ್ ಗಣಿತದವರಿಗೆ 2025ರ ಮಾರ್ಚ್ 29. ಶನಿಕ್ಷೇತ್ರವೆಂದು ಹೆಸರಾದ ತಿರುನಳ್ಳಾರಿನ ದೇವಸ್ಥಾನ ಹಳೆಯ ಸೂತ್ರಗಳಂತೆ ಎಣಿಸುವ ವಾಕ್ಯ ಪಂಚಾಂಗವನ್ನು ಅನುಸರಿಸುವುದರಿಂದ ಅಂದು ಅಲ್ಲಿ ಶನಿಯ ಸಂಕ್ರಮಣವಿಲ್ಲ, ಅದು ನಡೆಯುವುದು 2026ರಲ್ಲಿ ಎಂದು ಮೊದಲೇ ತಿಳಿಸಿತ್ತು. ಮೇಷ ರಾಶಿಯ ಲಕ್ಷಾಂತರ ಜನರ ಸಾಡೇಸಾತಿ ಒಂದು ಲೆಕ್ಕದಲ್ಲಿ ಶುರುವಾಗಿತ್ತು, ಇನ್ನೊಂದರಲ್ಲಿ ಇನ್ನೂ ಸುಮಾರು ಒಂದು ವರ್ಷ ಬಾಕಿಯಿತ್ತು. ಆ ಒಂದು ವರ್ಷದಲ್ಲಿ ಬಂದ ಕಷ್ಟವನ್ನು ಯಾರ ಖಾತೆಗೆ ಬರೆಯಬೇಕು? ಎಳ್ಳುಬತ್ತಿ ಹಚ್ಚುವ ಮೊದಲು ಈ ಪ್ರಶ್ನೆಯನ್ನು ಒಮ್ಮೆ ಮನಸ್ಸಿನಲ್ಲಿ ತಿರುಗಿಸಿ ನೋಡಿದರೆ ಹೆದರಿಕೆಯ ಬಿಗಿ ಎಷ್ಟೋ ಸಡಿಲವಾಗುತ್ತದೆ.

ನಿಮ್ಮ ಲೆಕ್ಕ ನೀವೇ ನೋಡಬಹುದು. ಗ್ರಹಗಳ ನಿಖರ ಸ್ಥಾನ ಹೇಳುವ ಜಾತಕದ ಗ್ರಹಸ್ಫುಟದ ಪಟ್ಟಿಯಲ್ಲಿ ಶನಿಯ ಮುಂದೆ ರಾಶಿ, ಅಂಶ, ಕಲೆ ಬರೆದಿರುತ್ತದೆ. ದೃಕ್ ಪಂಚಾಂಗದಲ್ಲಿ ಈ ವರ್ಷದ ಶನಿ ಸ್ಫುಟ ಅದೇ ಅಂಶಕ್ಕೆ ಬರುವ ದಿನಗಳನ್ನು ಗುರುತಿಸಿದರೆ ಮುಗಿಯಿತು. ನಿರಯನ ಲೆಕ್ಕದಲ್ಲಿ 1996ರ ಫೆಬ್ರವರಿ ಮಧ್ಯದಿಂದ 1998ರ ಏಪ್ರಿಲ್ ಮಧ್ಯದವರೆಗೆ ಹುಟ್ಟಿದವರಿಗೆಲ್ಲ ಶನಿ ಮೀನದಲ್ಲಿದ್ದಾನೆ. ಈಗಿನ ಶನಿ ಮೀನದಲ್ಲಿ ಮೊದಲ ಸುತ್ತಿಗೆ 2027ರ ಜೂನ್ ಆರಂಭದವರೆಗೆ ಇರುತ್ತಾನೆ. ಜನ್ಮಕಾಲ ಅರ್ಧ ಗಂಟೆ ಆಚೀಚೆಯಾದರೂ ಇಲ್ಲಿ ಏನೂ ಕೆಡುವುದಿಲ್ಲ. ಹುಟ್ಟಿದ ಗಳಿಗೆಯಲ್ಲಿ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ, ಅಂದರೆ ಜಾತಕದ ಲಗ್ನ, ಅದರ ಲೆಕ್ಕ ಮಾತ್ರ ಕೆಡುತ್ತದೆ.

ಜ್ಯೋತಿಷಿಗಳು ಹೇಳುವುದು

ಶನಿಯನ್ನು ನಮ್ಮವರು ಆಯುಷ್ಕಾರಕ, ಕರ್ಮಕಾರಕ ಎನ್ನುತ್ತಾರೆ. ದುಡಿಮೆ, ವಿಳಂಬ, ವೃದ್ಧಾಪ್ಯ, ಒಂಟಿತನ, ಕೂಲಿಕಾರರು, ಹಳೆಯ ವಸ್ತು, ಇವೆಲ್ಲ ಅವನ ಪಾಲಿಗೆ ಬಂದಿವೆ. ಪಶ್ಚಿಮದ ಜ್ಯೋತಿಷಿಗಳು ಇದೇ ಬೇರಿನಿಂದ ಹೊರಟು ಬೇರೆ ಹೂವು ಬಿಡಿಸಿದರು. ಅವರ ಪ್ರಕಾರ ಶನಿ ಅಂದರೆ ಕಾಲ ಮತ್ತು ಮಿತಿ. ಮೊದಲ ಸುತ್ತಿನಲ್ಲಿ ಮನುಷ್ಯ ಬೇರೆಯವರು ಕೊಟ್ಟ ಅಚ್ಚಿನಲ್ಲಿ ಬೆಳೆಯುತ್ತಾನೆ. ತಂದೆತಾಯಿ ಆರಿಸಿದ ಓದು, ಊರು ಒಪ್ಪುವ ಕೆಲಸ, ಹದಿನೆಂಟರಲ್ಲಿ ಕಟ್ಟಿಕೊಂಡ ತನ್ನ ಬಗೆಗಿನ ಕಲ್ಪನೆ. ಸುತ್ತು ಮುಗಿಯುವಾಗ ಇದರಲ್ಲಿ ಯಾವುದು ಭಾರ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂಬ ಪರೀಕ್ಷೆ ಬರುತ್ತದೆ. ತಡೆಯದಿದ್ದದ್ದು ಬೀಳುತ್ತದೆ: ಕೆಲಸ ಬಿಡುವುದು, ಸಂಬಂಧ ಮುರಿಯುವುದು ಅಥವಾ ಗಟ್ಟಿಯಾಗುವುದು, ಊರು ಬದಲಿಸುವುದು. ತಡೆದದ್ದರ ಮೇಲೆ ಮುಂದಿನ ಮೂವತ್ತು ವರ್ಷದ ಕಟ್ಟಡ ಏಳುತ್ತದೆ.

ಶನಿ ಯಾವ ಮನೆಯಲ್ಲಿದ್ದಾನೆ ಎಂಬುದನ್ನು ನೋಡಿ ಪರೀಕ್ಷೆಯ ಕ್ಷೇತ್ರವನ್ನು ಹೇಳುತ್ತಾರೆ. ಹತ್ತರಲ್ಲಿದ್ದರೆ ಉದ್ಯೋಗ ಮತ್ತು ಹೆಸರು, ಏಳರಲ್ಲಿದ್ದರೆ ದಾಂಪತ್ಯ, ನಾಲ್ಕರಲ್ಲಿದ್ದರೆ ತಾಯಿ, ಮನೆ, ಆಸ್ತಿ. ನಮ್ಮ ಹುಡುಗಿ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿದಳು ಎಂದರೆ ಲಗ್ನ ಕನ್ಯೆಯ ಸುತ್ತ ಬರುತ್ತದೆ, ಮೀನ ಅದರಿಂದ ಏಳನೆಯದು. ಹಾಗಾಗಿ ಮದುವೆಯ ಮಾತು ಮುಂದೆ ಬರುತ್ತದೆ. ಅದಕ್ಕೆ ಮೇಷ ರಾಶಿಯ ಸಾಡೇಸಾತಿ ಸೇರಿದರೆ, ಮನೆಯಲ್ಲಿ ಸಂಬಂಧ ನೋಡುವವರು ಒಂದು ವರ್ಷ ತಡೆಯಿರಿ ಎನ್ನುವುದಕ್ಕೆ ಎರಡು ಕಾರಣ ಸಿಕ್ಕಂತಾಯಿತು. ಹುಡುಗನೂ ಅದೇ ಹೊತ್ತಿಗೆ ಹುಟ್ಟಿದ್ದರೆ ಅವನಿಗೂ ಶನಿ ಏಳರಲ್ಲೇ. ಆದರೆ ಅವನ ಮನೆಯಲ್ಲಿ ಲಾಭ ಸ್ಥಾನದ ಮಾತು ನಡೆದಿದೆ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಈ ವಿಷಯಗಳ ವಿವರಣೆಯಲ್ಲಿ ಬುದ್ಧಿವಂತಿಕೆ ಇದೆ, ಬದುಕನ್ನು ನೋಡಿದವರ ಮಾತು ಇದೆ. ಶನಿ ಇವನ್ನು ಉಂಟುಮಾಡುತ್ತಾನೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಪುಣೆಯಲ್ಲಿ ನಡೆಸಿದ ಪರೀಕ್ಷೆಯೊಂದನ್ನು ಇಲ್ಲಿ ನೆನೆಯಬೇಕು. ಓದಿನಲ್ಲಿ ಮುಂದಿದ್ದ ಮಕ್ಕಳು ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ, ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತು ಜಾತಕ ಕೊಟ್ಟು, ಯಾವುದು ಯಾರದೆಂದು ಗುರುತಿಸಲು ಹೇಳಿದರು. ಇಪ್ಪತ್ತೇಳು ಮಂದಿ ಉತ್ತರ ಕಳಿಸಿದರು. ಸರಿಯಾದ ಉತ್ತರ ಶೇ 46. ನಾಣ್ಯ ಚಿಮ್ಮಿದರೆ ಶೇ 50 ಬರುತ್ತಿತ್ತು. ಫಲಿತಾಂಶ 2009ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪರೀಕ್ಷೆ ಶನಿಯ ಪುನರಾಗಮನದ ಬಗ್ಗೆ ಅಲ್ಲ, ನಿಜ. ಆದರೆ ಜಾತಕ ಮಾತ್ರ ನೋಡಿ ಇಷ್ಟು ದೊಡ್ಡ ವ್ಯತ್ಯಾಸವನ್ನೇ ಹೇಳಲಾಗದಿದ್ದರೆ, ಮೇ ತಿಂಗಳಲ್ಲಿ ಕೆಲಸ ಹೋಗುತ್ತದೆ ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕು ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಇಪ್ಪತ್ತೊಂಬತ್ತು ಯಾಕೆ ಅಷ್ಟು ಕಾಡುತ್ತದೆ

ಕಾಡುವುದು ಸುಳ್ಳಲ್ಲ. ಆ ವಯಸ್ಸಿನವರ ಜೊತೆ ಹತ್ತು ನಿಮಿಷ ಕೂತರೆ ತಿಳಿಯುತ್ತದೆ. ಆದರೆ ಕಾರಣ ಹುಡುಕಲು ಆಕಾಶದವರೆಗೆ ಹೋಗಬೇಕಿಲ್ಲ, ನೇಮಕಾತಿ ಅಧಿಸೂಚನೆ ಓದಿದರೆ ಸಾಕು. ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ಸಾಮಾನ್ಯ ವರ್ಗದವರ ವಯೋಮಿತಿ ಮೂವತ್ತು. ಕೇಂದ್ರ ನಾಗರಿಕ ಸೇವೆಗೆ ಮೂವತ್ತೆರಡು, ಅದೂ ಆರು ಪ್ರಯತ್ನಗಳೊಳಗೆ. ಬೆಂಗಳೂರಿನ ವಿಜಯನಗರದ ಗ್ರಂಥಾಲಯದಲ್ಲೋ ಧಾರವಾಡದ ಕೋಚಿಂಗ್ ಕೇಂದ್ರದಲ್ಲೋ ಐದು ವರ್ಷ ಕೂತು ಓದಿದ ಹುಡುಗನಿಗೆ ಇಪ್ಪತ್ತೊಂಬತ್ತು ತುಂಬಿದ ದಿನ ಎದೆಯಲ್ಲಿ ಆಗುವ ಕಳವಳಕ್ಕೆ ದಿನಾಂಕ ಹಾಕಿದ್ದು ಅಧಿಸೂಚನೆ. ಹಿಂದುಳಿದ ವರ್ಗಕ್ಕೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಇದೆ. ಅವರ ಕಳವಳವೂ ಅಷ್ಟೇ ವರ್ಷ ಮುಂದಕ್ಕೆ ಹೋಗುವುದನ್ನು ಯಾರು ಬೇಕಾದರೂ ನೋಡಬಹುದು. ಶನಿ ಯಾರಿಗೂ ಸಡಿಲಿಕೆ ಕೊಡುವುದಿಲ್ಲ.

ಎರಡನೆಯದು ತಂದೆತಾಯಿಯ ವಯಸ್ಸು. ನಮ್ಮ ಹುಡುಗಿಯ ತಂದೆ 1966ರ ನಡುವೆ ಹುಟ್ಟಿ, ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದಾರೆ ಎನ್ನೋಣ. ಮಗಳು ಹುಟ್ಟಿದಾಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಮಗಳ ಮೊದಲ ಪುನರಾಗಮನ ಬರುವಾಗ ಅವರಿಗೆ ಎರಡನೆಯದು. ಕರ್ನಾಟಕದಲ್ಲಿ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ಅರವತ್ತಕ್ಕೆ, ಆದ್ದರಿಂದ 2026ರಲ್ಲಿ ಅವರ ನಿವೃತ್ತಿಯೂ ಬಂತು. ಮನೆಗೆ ಬರುವ ಸಂಬಳ ಪಿಂಚಣಿಯಾಗಿ ಇಳಿಯುತ್ತದೆ, ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ಶುರುವಾಗಿರುತ್ತದೆ, ಮಗಳ ಮದುವೆ ನಿವೃತ್ತಿಯೊಳಗೆ ಮುಗಿಯಲಿ ಎಂಬ ಆಸೆ ಮನೆಯ ಮಾತಿನಲ್ಲೆಲ್ಲ ಇಣುಕುತ್ತದೆ. ಹೊಣೆ ಒಂದು ಹೆಗಲಿನಿಂದ ಇನ್ನೊಂದಕ್ಕೆ ಜಾರುವ ಈ ಹೊತ್ತನ್ನೇ ಜ್ಯೋತಿಷಿಗಳು ಶನಿ ಎಂದು ಕರೆಯುತ್ತಾರೆ. ಮೂವತ್ತರ ಆಸುಪಾಸಿನಲ್ಲಿ ಮಕ್ಕಳನ್ನು ಪಡೆದ ಸಂಸಾರಗಳಲ್ಲೆಲ್ಲ ಇದು ಹೀಗೇ ನಡೆಯುತ್ತದೆ, ಗ್ರಹ ಎಲ್ಲಿದ್ದರೂ.

ಇನ್ನೊಂದು ಸೂಕ್ಷ್ಮವಿದೆ. ಶನಿಯ ಸುತ್ತಿನ ಕಾಲು ಭಾಗಗಳೂ ಮುಖ್ಯವೆನ್ನುತ್ತಾರೆ: ಏಳೂವರೆ ವರ್ಷ, ಹದಿನೈದು, ಇಪ್ಪತ್ತೆರಡು. ಹದಿನೈದಕ್ಕೆ ಎಸ್ಸೆಸ್ಸೆಲ್ಸಿ, ಇಪ್ಪತ್ತೆರಡಕ್ಕೆ ಪದವಿ ಮುಗಿದು ಕೆಲಸ. ಕೇಳಿದಾಕ್ಷಣ ಹೌದಲ್ಲ ಎನಿಸುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಮಕ್ಕಳ ದಾರಿ ತಿರುಗುವುದು ದ್ವಿತೀಯ ಪಿಯುಸಿ ಮತ್ತು ಸಿಇಟಿಯಲ್ಲಿ, ಹದಿನೆಂಟರಲ್ಲಿ. ಆಗ ಶನಿ ಯಾವ ಕಾಲು ಭಾಗದ ಗಡಿಯಲ್ಲೂ ಇರುವುದಿಲ್ಲ.

ಇದನ್ನು ಬಳಸಿಕೊಳ್ಳುವ ಒಂದು ಬಗೆ

ಆಧಾರವಿಲ್ಲ ಎಂದ ಮೇಲೆ ಎಸೆದುಬಿಡಬೇಕೇ? ನನಗೆ ಹಾಗೆನಿಸುವುದಿಲ್ಲ. ಶನಿಯ ಹೆಸರಿನಲ್ಲಿ ಕೇಳುವ ಪ್ರಶ್ನೆಗಳು ಒಳ್ಳೆಯವು. ಯಾವುದು ನನ್ನದು, ಯಾವುದು ಬೇರೆಯವರು ಹೊರಿಸಿದ್ದು, ಉಳಿದ ಕಾಲಕ್ಕೆ ಮಿತಿ ಇದೆ ಎಂದಾದರೆ ಯಾವುದನ್ನು ಬಿಡಬೇಕು. ಇವನ್ನು ಗ್ರಹದ ಭಯವಿಲ್ಲದೆ ಕೇಳಿಕೊಳ್ಳುವುದಕ್ಕೆ ಕೆಲಸಕ್ಕೆ ಬರುವ ಎರಡು ಅಭ್ಯಾಸ ಹೇಳುತ್ತೇನೆ.

ಮೊದಲನೆಯದು ತಾಳೆ ನೋಡುವುದು. ಒಂದು ನೋಟ್‌ಬುಕ್ಕಿನ ಎಡ ಪುಟದಲ್ಲಿ ನಿಮ್ಮ ಏಳು, ಹದಿನೈದು, ಇಪ್ಪತ್ತೆರಡು, ಇಪ್ಪತ್ತೊಂಬತ್ತರಲ್ಲಿ ನಡೆದ ಮುಖ್ಯ ಸಂಗತಿಗಳನ್ನು ಬರೆಯಿರಿ. ಬಲ ಪುಟದಲ್ಲಿ ಹನ್ನೊಂದು, ಹದಿನೆಂಟು, ಇಪ್ಪತ್ತಾರರಲ್ಲಿ ನಡೆದದ್ದನ್ನು ಅಷ್ಟೇ ಶ್ರದ್ಧೆಯಿಂದ ಬರೆಯಿರಿ. ಹಳೆಯ ಅಂಕಪಟ್ಟಿ, ಬಾಡಿಗೆ ಕರಾರು, ಫೋಟೋ ನೋಡಿ ವರ್ಷ ಖಚಿತಪಡಿಸಿಕೊಳ್ಳಿ, ಯಾಕೆಂದರೆ ನೆನಪು ನಮಗೆ ಬೇಕಾದ ಕಡೆಗೆ ವರ್ಷವನ್ನು ಎಳೆದುಕೊಳ್ಳುತ್ತದೆ. ಎರಡೂ ಪುಟ ಒಂದೇ ತೂಕದವಾಗಿ ಕಂಡರೆ ಹೆದರಿಕೆ ತಾನಾಗಿ ಇಳಿಯುತ್ತದೆ. ಎಡ ಪುಟವೇ ಭಾರವಾಗಿ ಕಂಡರೂ ಅಲ್ಲಿರುವುದರಲ್ಲಿ ಎಷ್ಟು ಶಾಲೆಯ ವೇಳಾಪಟ್ಟಿಯಿಂದ ಬಂದದ್ದು ಎಂದು ಗುರುತು ಹಾಕಿ.

ಎರಡನೆಯದು ಮೂರು ಸ್ಪರ್ಶಗಳನ್ನು ಮೂರು ದಿನಾಂಕಗಳಾಗಿ ಮಾತ್ರ ಬಳಸುವುದು. ನಮ್ಮ ಹುಡುಗಿ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಏಳು ವರ್ಷದಿಂದ ದುಡಿಯುತ್ತಿದ್ದಾಳೆ, ಕೆಲಸ ಬೇಸರ ತಂದಿದೆ, ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. 2025ರ ಮೇಯಲ್ಲಿ ಅವಳು ತೀರ್ಮಾನ ಮಾಡುವುದಿಲ್ಲ, ಹೊರೆಗಳನ್ನು ಬರೆಯುತ್ತಾಳೆ. ಪ್ರತಿಯೊಂದರ ಮುಂದೆ ತಿಂಗಳಿಗೆ ಎಷ್ಟು ಹಣ, ವಾರಕ್ಕೆ ಎಷ್ಟು ಗಂಟೆ, ಮತ್ತು ಇದನ್ನು ಆರಿಸಿದ್ದು ಯಾರು ಎಂದು ಬರೆಯುತ್ತಾಳೆ. ಪ್ರಯಾಣಕ್ಕೆ ವಾರಕ್ಕೆ ಹದಿನೈದು ಗಂಟೆ, ಆರಿಸಿದ್ದು ತಾನು, ಅಗ್ಗದ ಬಾಡಿಗೆಗಾಗಿ. ತಮ್ಮನ ಓದಿನ ಸಾಲದ ಕಂತು, ಆರಿಸಿದ್ದು ತಾನೇ, ಇಷ್ಟದಿಂದ. ತಂಡದ ಮುಖ್ಯಸ್ಥೆಯ ಹುದ್ದೆ, ಆರಿಸಿದ್ದು ಮೇಲಧಿಕಾರಿ, ಬೇಡ ಎನ್ನಲು ಆಗಲಿಲ್ಲ. ಮದುವೆಯ ಗಡುವು, ಆರಿಸಿದ್ದು ಅಪ್ಪನ ನಿವೃತ್ತಿ.

ಸೆಪ್ಟೆಂಬರ್ ಕೊನೆಗೆ ಅದೇ ಪುಟ ತೆಗೆಯುತ್ತಾಳೆ. ಮೇಯಲ್ಲಿ ಅತಿ ಭಾರವೆನಿಸಿದ ಹೊರೆ ಈಗಲೂ ಮೇಲೆಯೇ ಇದೆಯೇ, ಕೆಳಗೆ ಸರಿದಿದೆಯೇ? ಮೇಯಲ್ಲಿ ಕೆಲಸವೇ ಬೇಡ ಎಂದಿದ್ದವಳಿಗೆ ಈಗ ಕಾಣುವುದು, ಬೇಡವಾಗಿದ್ದದ್ದು ಕೆಲಸವಲ್ಲ, ಮುಖ್ಯಸ್ಥೆಯ ಹುದ್ದೆ ಮತ್ತು ಆ ಹದಿನೈದು ಗಂಟೆ. ಈ ನಾಲ್ಕೈದು ತಿಂಗಳಲ್ಲಿ ಒಂದು ಸಣ್ಣ ಪ್ರಯೋಗ ಮಾಡಬಹುದು: ಹುದ್ದೆಯಿಂದ ತಾಂತ್ರಿಕ ಕೆಲಸಕ್ಕೆ ಮರಳಲು ಕೇಳುವುದು, ಅಪ್ಪನ ಜೊತೆ ಮದುವೆ ಖರ್ಚಿನ ಲೆಕ್ಕ ಬಿಡಿಸಿ ಕೂರುವುದು. ಅಪ್ಪನ ಗಡುವು ದುಡ್ಡಿನ ಚಿಂತೆಯದ್ದಾಗಿದ್ದರೆ ಅದಕ್ಕೆ ಬೇರೆ ದಾರಿ ಇದೆ. ಮಗಳು ಒಂಟಿಯಾಗುತ್ತಾಳೆ ಎಂಬ ಚಿಂತೆಯಾಗಿದ್ದರೆ ಅದು ಬೇರೆಯೇ ಮಾತು. ಕೇಳದೆ ತಿಳಿಯುವುದಿಲ್ಲ. ತೀರ್ಮಾನ ಜನವರಿಗೆ. ಎಂಟೊಂಬತ್ತು ತಿಂಗಳಲ್ಲಿ ಮೂರು ಬಾರಿ ಒಂದೇ ಉತ್ತರ ಬಂದಿದ್ದರೆ ಆ ಉತ್ತರ ಒಂದು ದಿನದ ಸಿಟ್ಟಿನದ್ದಲ್ಲ.

ಯಾವುದೇ ಮೂರು ದಿನಾಂಕಗಳಿಂದಲೂ ಇದೇ ಪ್ರಯೋಜನ ಸಿಗುತ್ತದೆ. ಜನ್ಮಶನಿಗೆ ಒಂದೇ ಸ್ಪರ್ಶ ಇರುವವರು ನಾಲ್ಕು ತಿಂಗಳ ಅಂತರದಲ್ಲಿ ತಾವೇ ಮೂರು ದಿನ ಗೊತ್ತು ಮಾಡಿಕೊಳ್ಳಲಿ. ಆಕಾಶದ ದಿನಾಂಕಕ್ಕಿರುವ ಒಂದು ಅನುಕೂಲ ಏನೆಂದರೆ ನಮ್ಮ ಮನಸ್ಸಿಗೆ ಬಂದಂತೆ ಅದನ್ನು ಮುಂದೂಡಲು ಆಗುವುದಿಲ್ಲ.

ಈ ವಿಚಾರ ಹಾದಿ ತಪ್ಪುವುದು ಎರಡು ರೀತಿಯಲ್ಲಿ. ಶನಿ ಎಲ್ಲವನ್ನೂ ಕೆಡವುತ್ತಾನಂತೆ ಎಂದು ಕೈಯಲ್ಲಿ ಇನ್ನೊಂದು ಕೆಲಸವಿಲ್ಲದೆ ರಾಜೀನಾಮೆ ಕೊಡುವುದು ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು: ಹೊಡೆತವನ್ನೋ, ಅವಮಾನವನ್ನೋ, ಸಂಬಳ ಕೊಡದ ಮಾಲೀಕನನ್ನೋ ಶನಿಯ ಪರೀಕ್ಷೆಯೆಂದು ಸಹಿಸಿಕೊಂಡು ಅವಧಿ ಮುಗಿಯಲೆಂದು ಕಾಯುವುದು. ನೀವು ‘ಇದು ಮುಗಿಯುವ ತಿಂಗಳು ಯಾವುದು’ ಎಂದು ಮತ್ತೆ ಮತ್ತೆ ಕೇಳುತ್ತಿದ್ದೀರಿ, ‘ಇದನ್ನು ನಿಲ್ಲಿಸಲು ಯಾರನ್ನು ಕಾಣಬೇಕು’ ಎಂದು ಒಮ್ಮೆಯೂ ಕೇಳಿಲ್ಲ ಎಂದಾದರೆ ಹಾದಿ ತಪ್ಪಿದ್ದೀರಿ. ಹಿಂಸೆಗೆ ಮಹಿಳಾ ಸಹಾಯವಾಣಿ 181 ಇದೆ.

ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವುದು ಮನಸ್ಸಿಗೆ ನೆಮ್ಮದಿ ಕೊಟ್ಟರೆ ಹಚ್ಚಿ, ಅದರಲ್ಲಿ ನಷ್ಟವಿಲ್ಲ. ಸಾಲ ಮಾಡಿ ನೀಲಮಣಿ ಉಂಗುರ ಕೊಳ್ಳುವುದು, ಕಂತಿನಲ್ಲಿ ಶಾಂತಿ ಹೋಮ ಮಾಡಿಸುವುದು ಬೇಡ. ಹೆದರಿಸಿ ದುಡ್ಡು ಕೇಳುವವರು ಇಪ್ಪತ್ತೊಂಬತ್ತಕ್ಕೆ ಸಾಡೇಸಾತಿಯ ಹೆಸರು ಹೇಳುತ್ತಿದ್ದರೆ ನಿಮ್ಮ ಜನ್ಮರಾಶಿ ಎಣಿಸಿ ನೋಡಿ. ಶನಿ ಮೀನದಲ್ಲಿರುವಾಗ ಸಾಡೇಸಾತಿ ಇರುವುದು ಕುಂಭ, ಮೀನ, ಮೇಷ ರಾಶಿಗಳಿಗೆ ಮಾತ್ರ.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಉಳಿಯದೆ, ಬದುಕೇ ಬೇಡವೆನಿಸುತ್ತಿದ್ದರೆ ಅದಕ್ಕೆ ಗೋಚಾರ ನೋಡುತ್ತಾ ಕೂರಬಾರದು. ಖಿನ್ನತೆಗೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಶುಲ್ಕವಿಲ್ಲ, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡಬಹುದು.